ಖಾಲಿ ನಿಂತ ಯಂತ್ರದ ಖರ್ಚು ಯಾರ ಲೆಕ್ಕಕ್ಕೆ?

ಏಪ್ರಿಲ್ ತಿಂಗಳ ಮೊದಲ ವಾರ. ಬೆಂಗಳೂರಿನ ಪೀಣ್ಯದ ಒಂದು ಮೆಷಿನ್ ಶಾಪಿನಲ್ಲಿ ವರ್ಷದ ಲೆಕ್ಕ ಮುಗಿಸಲು ಕೂತಿದ್ದೆ. ಆರು ಸಿಎನ್‌ಸಿ ಯಂತ್ರಗಳಿರುವ ಶೆಡ್ ಅದು. ಪಂಪುಗಳಿಗೆ ಬೇಕಾಗುವ ಶಾಫ್ಟ್ ಮತ್ತು ಬುಷ್‌ಗಳನ್ನು ಅಲ್ಲಿ ತಯಾರಿಸುತ್ತಾರೆ. ಮಾಲೀಕರು ನನ್ನೆದುರು ಕುರ್ಚಿ ಎಳೆದುಕೊಂಡು ಕೂತು, ಹಾಳೆಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು.

“ಸಾರ್, ಪ್ರತಿ ಪೀಸಿಗೂ ಓವರ್‌ಹೆಡ್ ಹಾಕಿಯೇ ರೇಟು ಕಟ್ಟಿದ್ದೀವಿ. ಒಂದೂ ಬಿಟ್ಟಿಲ್ಲ. ಆದರೂ ಇಲ್ಲಿ ಇಷ್ಟೊಂದು ಲಕ್ಷ ಹೊಂದ್ತಾ ಇಲ್ಲ ಅಂತೀರಲ್ಲ, ಇದು ಎಲ್ಲಿಂದ ಬಂತು?”

ಅವರ ಪ್ರಶ್ನೆ ನ್ಯಾಯವಾದದ್ದೇ. ಅವರು ಯಾವ ಪೀಸಿಗೂ ಓವರ್‌ಹೆಡ್ ಹಾಕುವುದನ್ನು ಮರೆತಿರಲಿಲ್ಲ. ಆದರೂ ಕಾರ್ಖಾನೆ ನಿಜಕ್ಕೂ ಮಾಡಿದ ಖರ್ಚಿಗೂ, ಪೀಸುಗಳ ಮೇಲೆ ಹಾಕಿದ ಖರ್ಚಿಗೂ ನಡುವೆ ದೊಡ್ಡ ಅಂತರ ಉಳಿದಿತ್ತು. ಹೀಗೆ ಉಳಿಯುವ ಅಂತರ ಎಲ್ಲಿ ಹುಟ್ಟುತ್ತದೆ, ವರ್ಷದ ಕೊನೆಯಲ್ಲಿ ಅದನ್ನು ಹೇಗೆ ಬಗೆಹರಿಸಬೇಕು ಎಂಬುದನ್ನು ಅದೇ ಶೆಡ್ಡಿನ ಲೆಕ್ಕ ಹಿಡಿದು ಹೇಳುತ್ತೇನೆ. ಓದುವವರಿಗೆ ಸುಲಭವಾಗಲೆಂದು ಅಂಕಿಗಳನ್ನು ದುಂಡಗೆ ಮಾಡಿದ್ದೇನೆ. ವರ್ಷದ ಆರಂಭದಲ್ಲಿ ಹಳೆಯ ದಾಸ್ತಾನು ಇರಲಿಲ್ಲ ಎಂದೂ ಇಟ್ಟುಕೊಂಡಿದ್ದೇನೆ.

ಮೊದಲೇ ಕಟ್ಟುವ ದರ

ಒಂದು ಶಾಫ್ಟಿನ ಖರ್ಚಿನಲ್ಲಿ ಎರಡು ಭಾಗಗಳನ್ನು ಕಣ್ಣಿನಿಂದ ನೋಡಿಯೇ ಹೇಳಬಹುದು. ಅದಕ್ಕೆ ಹೋದ ಉಕ್ಕಿನ ಸರಳು 420 ರೂಪಾಯಿ. ಯಂತ್ರದ ಮುಂದೆ ನಿಂತ ಆಪರೇಟರನ ಅರ್ಧ ಗಂಟೆಯ ಕೂಲಿ 60 ರೂಪಾಯಿ. ಈ ಎರಡು ಖರ್ಚೂ ಆ ಶಾಫ್ಟಿನದೇ ಎನ್ನುವುದರಲ್ಲಿ ಅನುಮಾನವಿಲ್ಲ.

ಆದರೆ ಶೆಡ್ಡಿನ ಬಾಡಿಗೆ ಯಾವ ಶಾಫ್ಟಿನದು? ಸೂಪರ್‌ವೈಸರ್ ಸಂಬಳ, ಸ್ಟೋರ್ ಕೀಪರ್ ಸಂಬಳ, ಯಂತ್ರದ ಸವಕಳಿ, ವಿಮೆ, ಕರೆಂಟು, ಕೂಲೆಂಟ್ ಎಣ್ಣೆ, ಇವು ಯಾವುದರದು? ಎಲ್ಲ ಪೀಸುಗಳಿಗೂ ಸೇರಿದ ಈ ಖರ್ಚುಗಳನ್ನೇ ಕಾರ್ಖಾನೆಯ ಓವರ್‌ಹೆಡ್ ಎನ್ನುವುದು. ಇದನ್ನು ಯಾವುದಾದರೊಂದು ಅಳತೆ ಹಿಡಿದು ಪೀಸುಗಳ ಮೇಲೆ ಹಂಚಲೇಬೇಕು.

ಹಂಚುವುದಕ್ಕೆ ವರ್ಷ ಮುಗಿಯುವವರೆಗೆ ಕಾಯುವಂತಿಲ್ಲ. ಗಿರಾಕಿ ಜೂನ್ ತಿಂಗಳಲ್ಲಿ ಬಂದು ಕೊಟೇಶನ್ ಕೇಳುತ್ತಾನೆ. “ಮಾರ್ಚ್ ಆಗಲಿ, ಬಾಡಿಗೆ ಕರೆಂಟು ಎಲ್ಲ ಕೂಡಿಸಿ ಹೇಳ್ತೀನಿ” ಎಂದರೆ ಅವನು ಪಕ್ಕದ ಶೆಡ್ಡಿಗೆ ಹೋಗುತ್ತಾನೆ. ಆದ್ದರಿಂದ ವರ್ಷ ಶುರುವಾಗುವ ಮೊದಲೇ ಅಂದಾಜು ಮಾಡಿ ಒಂದು ದರ ಕಟ್ಟಿಕೊಳ್ಳುತ್ತಾರೆ.

ಈ ಶೆಡ್ಡಿನಲ್ಲಿ ಕೆಲಸವನ್ನು ಯಂತ್ರವೇ ಮಾಡುವುದರಿಂದ ಯಂತ್ರ ಓಡಿದ ಗಂಟೆಯನ್ನೇ ಅಳತೆಯಾಗಿ ಹಿಡಿದಿದ್ದೆವು. ಆರು ಯಂತ್ರ, ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ಎಂದರೆ 14,400 ಗಂಟೆ. ಆದರೆ ಯಾವ ಯಂತ್ರವೂ ಪೂರಾ ಹೊತ್ತು ಓಡುವುದಿಲ್ಲ. ಒಂದು ಪೀಸಿನಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಸೆಟ್ಟಿಂಗ್ ಮಾಡಬೇಕು, ಎಣ್ಣೆ ಬದಲಿಸಬೇಕು, ಸಣ್ಣಪುಟ್ಟ ರಿಪೇರಿ ಇರುತ್ತದೆ. ಅದಕ್ಕೆಲ್ಲ 2,400 ಗಂಟೆ ಬಿಟ್ಟರೆ 12,000 ಗಂಟೆ ಉಳಿಯಿತು. ಸಾಧಾರಣ ವರ್ಷದಲ್ಲಿ ಈ ಶೆಡ್ಡು ನಿಜವಾಗಿ ಓಡಬಲ್ಲ ಗಂಟೆ ಇಷ್ಟು. ಇದನ್ನು ಸಾಮಾನ್ಯ ಸಾಮರ್ಥ್ಯ ಎನ್ನುತ್ತಾರೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದರ ಮೇಲೆಯೇ ಎಲ್ಲವೂ ನಿಲ್ಲುತ್ತದೆ.

ಖರ್ಚಿನ ಅಂದಾಜು ಹೀಗಿತ್ತು. ಬಾಡಿಗೆ, ಸಂಬಳ, ಸವಕಳಿ, ವಿಮೆ ಸೇರಿ 48 ಲಕ್ಷ. ಯಂತ್ರ ಓಡಲಿ, ಓಡದಿರಲಿ ಈ ಖರ್ಚು ಇದ್ದೇ ಇರುತ್ತದೆ. ಕರೆಂಟು, ಕೂಲೆಂಟ್ ಇತ್ಯಾದಿ ಯಂತ್ರ ಓಡಿದಷ್ಟೇ ಆಗುವ ಖರ್ಚು. 12,000 ಗಂಟೆಗೆ ಅದು 12 ಲಕ್ಷ. ಒಟ್ಟು 60 ಲಕ್ಷವನ್ನು 12,000 ಗಂಟೆಗೆ ಭಾಗಿಸಿದರೆ ಗಂಟೆಗೆ 500 ರೂಪಾಯಿ. ಅದರಲ್ಲಿ 400 ರೂಪಾಯಿ ಸ್ಥಿರ ಖರ್ಚಿನ ಪಾಲು, 100 ರೂಪಾಯಿ ಓಡಾಟದ ಖರ್ಚಿನ ಪಾಲು.

ಈಗ ಶಾಫ್ಟ್ ಅರ್ಧ ಗಂಟೆ ಯಂತ್ರದ ಮೇಲೆ ಕೂತರೆ 250 ರೂಪಾಯಿ ಓವರ್‌ಹೆಡ್ಡನ್ನು ತನ್ನೊಳಗೆ ಹೀರಿಕೊಂಡು ಕೆಳಗಿಳಿಯುತ್ತದೆ. 420, 60, 250 ಕೂಡಿದರೆ ಅದರ ಕಾರ್ಖಾನೆ ವೆಚ್ಚ 730 ರೂಪಾಯಿ. ಲೆಕ್ಕಿಗರು ಇದನ್ನು ಓವರ್‌ಹೆಡ್ ಹೀರಿಕೆ ಎನ್ನುವುದು ಈ ಅರ್ಥದಲ್ಲೇ. ಯಂತ್ರ ಓಡಿದಷ್ಟು ಹೊತ್ತು ಪೀಸುಗಳು ಹೀರಿಕೊಳ್ಳುತ್ತಾ ಹೋಗುತ್ತವೆ, ಯಂತ್ರ ನಿಂತರೆ ಹೀರಿಕೆಯೂ ನಿಲ್ಲುತ್ತದೆ. ಬಾಡಿಗೆ ಮಾತ್ರ ನಿಲ್ಲುವುದಿಲ್ಲ.

ವರ್ಷದ ಕೊನೆಗೆ ಉಳಿದದ್ದು

ಲೆಕ್ಕದ ಪುಸ್ತಕದಲ್ಲಿ ಓವರ್‌ಹೆಡ್ ನಿಯಂತ್ರಣ ಖಾತೆ ಎಂಬುದೊಂದು ಇರುತ್ತದೆ. ವರ್ಷವಿಡೀ ನಿಜವಾಗಿ ಆದ ಬಾಡಿಗೆ, ಸಂಬಳ, ಕರೆಂಟು ಅದರ ಖರ್ಚಿನ ಕಡೆಗೆ ಬಂದು ಬೀಳುತ್ತವೆ. ಪೀಸುಗಳು ಗಂಟೆಗೆ 500ರಂತೆ ಹೀರಿಕೊಂಡದ್ದು ಜಮೆಯ ಕಡೆಗೆ ಹೋಗುತ್ತದೆ. ಎರಡೂ ಸಮವಾದರೆ ಖಾತೆ ತಾನಾಗಿ ಮುಚ್ಚುತ್ತದೆ. ಅಂಥ ವರ್ಷವನ್ನು ನಾನು ನೋಡಿಲ್ಲ.

ಆ ವರ್ಷ ನಿಜವಾದ ಓವರ್‌ಹೆಡ್ 60 ಲಕ್ಷ 90 ಸಾವಿರ. ಜಾಬ್ ಕಾರ್ಡುಗಳ ಪ್ರಕಾರ ಯಂತ್ರಗಳು ಓಡಿದ್ದು 10,260 ಗಂಟೆ. ಅಂದರೆ ಹೀರಿಕೆ 51 ಲಕ್ಷ 30 ಸಾವಿರ, ಅಂತರ 9 ಲಕ್ಷ 60 ಸಾವಿರ. ಮಾಲೀಕರು ಬೆರಳಿಟ್ಟದ್ದು ಈ ಸಾಲಿನ ಮೇಲೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಈ ಅಂಕಿ ಕಂಡ ಕೂಡಲೇ ಅದನ್ನು ಎಲ್ಲಿ ಹಾಕಬೇಕು ಎಂದು ಹುಡುಕಬಾರದು, ಮೊದಲು ಅದು ನಿಜವೋ ಎಂದು ನೋಡಬೇಕು. ಯಂತ್ರಗಳೊಳಗೇ ಓಡಿದ ಗಂಟೆ ತೋರಿಸುವ ಮೀಟರ್ ಇರುತ್ತದೆ. ಆರೂ ಯಂತ್ರಗಳ ಮುಂದೆ ನಿಂತು ಬರೆದುಕೊಂಡು, ಹಿಂದಿನ ವರ್ಷದ ಕೊನೆಯ ಓದನ್ನು ಕಳೆದಾಗ 10,500 ಗಂಟೆ ಬಂತು. ಕಾರ್ಡಿಗಿಂತ 240 ಗಂಟೆ ಹೆಚ್ಚು. ಹುಡುಕಿದಾಗ ಮಾರ್ಚ್ ಕೊನೆಯ ವಾರದ ಕಾರ್ಡುಗಳು ಎಣ್ಣೆ ಅಂಟಿಕೊಂಡು, ಅರ್ಧ ಕೆಲಸವಾದ ಶಾಫ್ಟುಗಳ ಟ್ರೇಗಳಲ್ಲೇ ಉಳಿದಿದ್ದವು. ಪೀಸು ಪೂರ್ತಿಯಾದ ಮೇಲೆ ಕಾರ್ಡು ಆಫೀಸಿಗೆ ಕಳಿಸುವುದು ಅಲ್ಲಿನ ರೂಢಿ. ಹಾಗಾಗಿ ಪೂರ್ತಿಯಾಗದ ಪೀಸುಗಳು ಹೀರಿಕೊಂಡಿದ್ದ 1 ಲಕ್ಷ 20 ಸಾವಿರ ಪುಸ್ತಕಕ್ಕೆ ಬಂದೇ ಇರಲಿಲ್ಲ. ಅದು ಕಾಗದ ತಡವಾಗಿ ಬಂದದ್ದರಿಂದ ಆದ ಅಂತರ, ಅಷ್ಟೇ.

ಅದನ್ನು ಸರಿಪಡಿಸಿದ ಮೇಲೆ ಹೀರಿಕೆ 52 ಲಕ್ಷ 50 ಸಾವಿರವಾಯಿತು. ನಿಜವಾಗಿ ಉಳಿದ ಅಂತರ 8 ಲಕ್ಷ 40 ಸಾವಿರ. ಖರ್ಚಾದದ್ದು ಹೆಚ್ಚು, ಪೀಸುಗಳು ಹೀರಿದ್ದು ಕಡಿಮೆ. ಆದ್ದರಿಂದ ಇದು ಕಡಿಮೆ ಹೀರಿಕೆ, ಲೆಕ್ಕಿಗರ ಬಾಯಲ್ಲಿ ಅಂಡರ್ ಅಬ್ಸಾರ್ಪ್ಷನ್.

ಎಂಟು ಲಕ್ಷದ ಒಳಗೆ ಎರಡು ಕಥೆ

ಈ 8 ಲಕ್ಷ 40 ಸಾವಿರವನ್ನು ಒಂದೇ ಗಂಟಾಗಿ ನೋಡಿದರೆ ದಾರಿ ತಪ್ಪುತ್ತದೆ. ಗಂಟು ಬಿಚ್ಚಿದರೆ ಅದರಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ.

ಮೊದಲನೆಯದು ಗಂಟೆಯ ಕೊರತೆ. 12,000 ಗಂಟೆ ಓಡಬೇಕಾದಲ್ಲಿ ಓಡಿದ್ದು 10,500. ಕಡಿಮೆಯಾದ 1,500 ಗಂಟೆಗಳೊಂದಿಗೆ ಗಂಟೆಗೆ 400ರಂತೆ 6 ಲಕ್ಷ ರೂಪಾಯಿ ಸ್ಥಿರ ಖರ್ಚನ್ನು ಹೀರಿಕೊಳ್ಳಲು ಪೀಸುಗಳೇ ಇರಲಿಲ್ಲ. ಕರೆಂಟಿನ 100 ರೂಪಾಯಿ ಪಾಲು ಈ ಲೆಕ್ಕಕ್ಕೆ ಬರುವುದಿಲ್ಲ, ಏಕೆಂದರೆ ಓಡದ ಯಂತ್ರ ಆ ಖರ್ಚನ್ನೂ ಮಾಡಲಿಲ್ಲ. ಕಾರಣ ಕೇಳಿದಾಗ ಸೂಪರ್‌ವೈಸರ್ ಲಾಗ್ ಪುಸ್ತಕ ತೆಗೆದು ತೋರಿಸಿದರು. ಮೂರನೇ ಯಂತ್ರದ ಸ್ಪಿಂಡಲ್ ಬೇರಿಂಗ್ ಹೋಗಿ, ಬಿಡಿಭಾಗ ಬರುವವರೆಗೆ ಅದು 500 ಗಂಟೆ ನಿಂತಿತ್ತು. ಇನ್ನು 1,000 ಗಂಟೆ, ದೊಡ್ಡ ಗಿರಾಕಿಯೊಬ್ಬರು ಆರ್ಡರ್ ಕಡಿಮೆ ಮಾಡಿದ್ದರಿಂದ ಯಂತ್ರಗಳಿಗೆ ಕೆಲಸವಿರಲಿಲ್ಲ.

ಎರಡನೆಯದು ಖರ್ಚಿನ ಏರಿಕೆ. ಬಾಡಿಗೆ ಕರಾರು ನವೀಕರಣವಾದಾಗ ಸ್ಥಿರ ಖರ್ಚು 48 ಲಕ್ಷದಿಂದ 49 ಲಕ್ಷ 50 ಸಾವಿರಕ್ಕೆ ಏರಿತ್ತು. 10,500 ಗಂಟೆಗೆ 10 ಲಕ್ಷ 50 ಸಾವಿರ ಆಗಬೇಕಿದ್ದ ಕರೆಂಟು, ಕೂಲೆಂಟ್ ಖರ್ಚು ದರ ಹೆಚ್ಚಿದ್ದರಿಂದ 11 ಲಕ್ಷ 40 ಸಾವಿರ ಆಗಿತ್ತು. ಒಂದೂವರೆ ಲಕ್ಷ ಮತ್ತು 90 ಸಾವಿರ ಸೇರಿ 2 ಲಕ್ಷ 40 ಸಾವಿರ.

ಆರು ಲಕ್ಷ ಮತ್ತು ಎರಡು ಲಕ್ಷ 40 ಸಾವಿರ ಕೂಡಿದರೆ 8 ಲಕ್ಷ 40 ಸಾವಿರ. ಮಾಲೀಕರು ಕೇಳಿದ ಪ್ರಶ್ನೆಗೆ ಉತ್ತರ ಇದೇ. ಹಣ ಎಲ್ಲಿಗೂ ಹೋಗಿರಲಿಲ್ಲ. ಒಂದು ಭಾಗ ಯಂತ್ರ ನಿಂತಾಗಲೂ ಕೊಟ್ಟ ಬಾಡಿಗೆ ಮತ್ತು ಸಂಬಳವಾಗಿತ್ತು, ಇನ್ನೊಂದು ಭಾಗ ಯಂತ್ರ ಓಡಿದಾಗ ಅಂದಾಜಿಗಿಂತ ಹೆಚ್ಚಾದ ಬಿಲ್ಲುಗಳಾಗಿತ್ತು.

ಮೂರು ದಾರಿಗಳು

ಖಾತೆ ಮುಚ್ಚಲು ಪಠ್ಯಪುಸ್ತಕಗಳು ಮೂರು ದಾರಿ ಹೇಳುತ್ತವೆ.

ಒಂದು, ಪೂರಕ ದರ. ವರ್ಷವಿಡೀ ಪೀಸುಗಳಿಗೆ 500 ಹಾಕಿದ್ದು ಕಡಿಮೆಯಾಯಿತು, ಇನ್ನಷ್ಟು ಹಾಕೋಣ ಎಂದು ಉಳಿದದ್ದನ್ನೂ ಅದೇ ಗಂಟೆಗಳ ಮೇಲೆ ಹಂಚುವುದು. ಆ ಗಂಟೆಗಳು ಮೂರು ಕಡೆ ಇರುತ್ತವೆ. ಮಾರಿಹೋದ ಮಾಲು, ಗೋದಾಮಿನಲ್ಲಿರುವ ಸಿದ್ಧ ಮಾಲು, ಯಂತ್ರದ ಪಕ್ಕದಲ್ಲಿ ಅರ್ಧವಾಗಿರುವ ಮಾಲು. ನಮ್ಮ ಶೆಡ್ಡಿನಲ್ಲಿ ಓಡಿದ 10,500 ಗಂಟೆಗಳಲ್ಲಿ 8,400 ಗಂಟೆಯ ಮಾಲು ಮಾರಾಟವಾಗಿತ್ತು, ಅಂದರೆ 80 ಭಾಗ. 1,260 ಗಂಟೆಯದು, ಅಂದರೆ 12 ಭಾಗ, ಸಿದ್ಧವಾಗಿ ಕೂತಿತ್ತು. ಉಳಿದ 840 ಗಂಟೆಯದು, ಅಂದರೆ 8 ಭಾಗ, ಅರ್ಧ ಕೆಲಸವಾಗಿತ್ತು. ಟ್ರೇಯಲ್ಲಿ ಸಿಕ್ಕಿದ 240 ಗಂಟೆಯೂ ಇದರಲ್ಲೇ ಸೇರಿದೆ.

ಎರಡು, ನೇರವಾಗಿ ಲಾಭ-ನಷ್ಟ ಖಾತೆಗೆ ಹಾಕಿ ಆ ವರ್ಷದ ನಷ್ಟವೆಂದು ಒಪ್ಪಿಕೊಳ್ಳುವುದು.

ಮೂರು, ಮುಂದಿನ ವರ್ಷಕ್ಕೆ ಸಾಗಿಸುವುದು. ವರ್ಷದ ಮಧ್ಯದಲ್ಲಿ ಇದಕ್ಕೆ ಅರ್ಥವಿದೆ. ಕಬ್ಬು ಅರೆಯುವ ಕಾಲದಲ್ಲಿ ಮಾತ್ರ ಓಡುವ ಸಕ್ಕರೆ ಕಾರ್ಖಾನೆಯನ್ನು ನೆನೆಸಿಕೊಳ್ಳಿ. ಅರೆಯುವ ತಿಂಗಳಲ್ಲಿ ಹೀರಿಕೆ ಹೆಚ್ಚು, ರಿಪೇರಿಯ ತಿಂಗಳಲ್ಲಿ ಹೀರಿಕೆಯೇ ಇಲ್ಲ. ಪ್ರತಿ ತಿಂಗಳ ಅಂತರವನ್ನು ಒಂದು ತಾತ್ಕಾಲಿಕ ಖಾತೆಯಲ್ಲಿ ಇಟ್ಟರೆ ಒಂದು ತಿಂಗಳ ಕಡಿಮೆಯನ್ನು ಇನ್ನೊಂದು ತಿಂಗಳ ಹೆಚ್ಚು ತುಂಬುತ್ತದೆ. ಆದರೆ ಮಾರ್ಚ್ 31ರ ಗೆರೆ ದಾಟಿಸಿದರೆ ಈ ವರ್ಷದ ಬಾಡಿಗೆಯನ್ನು ಮುಂದಿನ ವರ್ಷದ ಪೀಸುಗಳ ಮೇಲೆ ಹೊರಿಸಿದಂತಾಗುತ್ತದೆ. ಅಂತಿಮ ಲೆಕ್ಕಪತ್ರದಲ್ಲಿ ಇದನ್ನು ಆಸ್ತಿಯೆಂದು ತೋರಿಸಲು ಆಧಾರವಿಲ್ಲ. ಹಾಗಾಗಿ ನಮ್ಮ ಮುಂದೆ ನಿಜವಾಗಿ ಉಳಿಯುವುದು ಮೊದಲ ಎರಡೇ ದಾರಿ.

ಯಾವುದು ಎಲ್ಲಿಗೆ

ಮಾಲೀಕರಿಗೆ ಪೂರಕ ದರ ಇಷ್ಟವಾಯಿತು. “ಖರ್ಚು ಕಾರ್ಖಾನೆಯದೇ ಅಲ್ವಾ ಸಾರ್, ಎಲ್ಲಾ ಮಾಲಿನ ಮೇಲೂ ಹಂಚಿಬಿಡಿ” ಎಂದರು. ಹಂಚಿ ನೋಡೋಣ. 8 ಲಕ್ಷ 40 ಸಾವಿರವನ್ನು 10,500 ಗಂಟೆಗೆ ಭಾಗಿಸಿದರೆ ಗಂಟೆಗೆ 80 ರೂಪಾಯಿ. ಮಾರಿದ ಮಾಲಿನ ಮೇಲೆ 6,72,000 ಬೀಳುತ್ತದೆ. ಸಿದ್ಧ ಮಾಲಿಗೆ 1,00,800, ಅರ್ಧ ಮಾಲಿಗೆ 67,200. ಅಂದರೆ 1,68,000 ರೂಪಾಯಿ ದಾಸ್ತಾನಿನ ಬೆಲೆಗೆ ಸೇರಿ, ಈ ವರ್ಷದ ನಷ್ಟದಿಂದ ತಪ್ಪಿಸಿಕೊಳ್ಳುತ್ತದೆ.

ಇದರ ಅರ್ಥವೇನೆಂದು ಯೋಚಿಸಿ. ಮೂರನೇ ಯಂತ್ರ ಕೆಟ್ಟು ನಿಂತಿದ್ದ ದಿನಗಳ ಬಾಡಿಗೆ, ನಾಲ್ಕನೇ ಯಂತ್ರದಲ್ಲಿ ಸರಿಯಾಗಿ ತಯಾರಾದ ಶಾಫ್ಟಿನ ಬೆಲೆಯೊಳಗೆ ಸೇರಿಕೊಂಡಿತು. ಅದೇ ಉಕ್ಕು, ಅದೇ ಅರ್ಧ ಗಂಟೆ. ಶಾಫ್ಟಿನಲ್ಲಿ ಏನೂ ಹೆಚ್ಚಾಗಿಲ್ಲ, ಆದರೂ ಲೆಕ್ಕದಲ್ಲಿ ಅದರ ವೆಚ್ಚ 40 ರೂಪಾಯಿ ಏರಿತು. ಕೆಲಸವಿಲ್ಲದೆ ಹೋದದ್ದು ಗೋದಾಮಿನಲ್ಲಿ ಆಸ್ತಿಯಾಗಿ ಕೂತಿತು.

ಇದನ್ನು ತಡೆಯಲೆಂದೇ ದಾಸ್ತಾನಿನ ಬೆಲೆಕಟ್ಟುವ ನಿಯಮವಿದೆ. ನಮ್ಮ ದೇಶದ ಲೆಕ್ಕಪತ್ರ ಮಾನದಂಡ 2, ದೊಡ್ಡ ಕಂಪನಿಗಳಿಗೆ ಅನ್ವಯಿಸುವ ಇಂಡ್ ಎಎಸ್ 2, ಎರಡೂ ಇದನ್ನೇ ಹೇಳುತ್ತವೆ. ಸ್ಥಿರ ಓವರ್‌ಹೆಡ್ಡನ್ನು ಮಾಲಿಗೆ ಹಂಚುವುದು ಸಾಮಾನ್ಯ ಸಾಮರ್ಥ್ಯದ ಮೇಲೆ. ಉತ್ಪಾದನೆ ಕಡಿಮೆಯಾಯಿತೆಂದೋ ಯಂತ್ರ ಖಾಲಿ ನಿಂತಿತೆಂದೋ ಪ್ರತಿ ಪೀಸಿನ ಪಾಲನ್ನು ಹೆಚ್ಚಿಸುವಂತಿಲ್ಲ. ಹಂಚದೆ ಉಳಿದದ್ದು ಆ ವರ್ಷದ ಖರ್ಚು. ಓಡಾಟದ ಖರ್ಚನ್ನು ಮಾತ್ರ ನಿಜವಾದ ಬಳಕೆಯಂತೆ ಹಂಚಬೇಕು.

ಆದ್ದರಿಂದ ಗಂಟು ಬಿಚ್ಚಿ ಎರಡು ಮಾಡಿದ್ದು ಇಲ್ಲಿ ಕೆಲಸಕ್ಕೆ ಬಂತು. ಯಂತ್ರ ನಿಂತದ್ದರಿಂದ ಆದ 6 ಲಕ್ಷ ಪೂರ್ತಿ ಲಾಭ-ನಷ್ಟ ಖಾತೆಗೆ. ಖರ್ಚಿನ ಏರಿಕೆಯಿಂದಾದ 2 ಲಕ್ಷ 40 ಸಾವಿರದ ಮಾತು ಬೇರೆ. ಬಾಡಿಗೆ ಏರಿದ್ದು ನಿಜ, ಕರೆಂಟಿನ ದರ ಏರಿದ್ದು ನಿಜ. ನಮ್ಮ ಅಂದಾಜು ಹಳೆಯದಾಗಿತ್ತು, ಅಷ್ಟೇ. ಆ ಖರ್ಚು ಪೀಸುಗಳದ್ದೇ. ಹಾಗಾಗಿ ಅದಕ್ಕೆ ಪೂರಕ ದರ ಹಾಕಿ 80, 12, 8 ಭಾಗಗಳಲ್ಲಿ ಹಂಚಿದೆವು. ಕಟ್ಟುನಿಟ್ಟಾಗಿ ನೋಡಿದರೆ ಏರಿದ ಬಾಡಿಗೆಯ ಒಂದೂವರೆ ಲಕ್ಷದಲ್ಲೂ ಖಾಲಿ ಗಂಟೆಗಳ ಪಾಲು ಸ್ವಲ್ಪ ಇದೆ. ಅದು 18,750 ರೂಪಾಯಿ. ಅದರಲ್ಲಿ ದಾಸ್ತಾನಿಗೆ ಹೋಗುವುದು 3,750 ಮಾತ್ರ, ಆದ್ದರಿಂದ ಅದನ್ನು ಬೇರೆ ಮಾಡದೆ ಬಿಟ್ಟೆವು. ಮೊತ್ತ ದೊಡ್ಡದಾಗಿದ್ದರೆ ಬೇರೆ ಮಾಡಲೇಬೇಕಿತ್ತು.

ಖಾತೆ ಮುಚ್ಚಿದ ನಮೂದು ಹೀಗಿತ್ತು:

ಲಾಭ-ನಷ್ಟ ಖಾತೆ: ಖರ್ಚು 6,00,000
ಮಾರಿದ ಮಾಲಿನ ವೆಚ್ಚ: ಖರ್ಚು 1,92,000
ಸಿದ್ಧ ಮಾಲಿನ ದಾಸ್ತಾನು: ಖರ್ಚು 28,800
ಅರ್ಧ ಕೆಲಸವಾದ ಮಾಲು: ಖರ್ಚು 19,200
ಓವರ್‌ಹೆಡ್ ನಿಯಂತ್ರಣ ಖಾತೆ: ಜಮೆ 8,40,000

ದಾಸ್ತಾನಿಗೆ ಹೋದದ್ದು ಈಗ 48,000 ಮಾತ್ರ. ಎಲ್ಲವನ್ನೂ ಹಂಚಿದ್ದರೆ 1,68,000 ಹೋಗುತ್ತಿತ್ತು. ನಡುವಿನ 1,20,000 ರೂಪಾಯಿ ಆ ವರ್ಷ ಲಾಭದಂತೆ ಕಾಣುತ್ತಿತ್ತು. ಮರುವರ್ಷ ಆ ಮಾಲು ಮಾರಿದಾಗ ಅದೇ ಹಣ ಲಾಭವನ್ನು ತಿಂದುಹಾಕುತ್ತಿತ್ತು. ಆಗ ಕಾರಣ ಹುಡುಕಿದರೂ ಸಿಗುತ್ತಿರಲಿಲ್ಲ, ಏಕೆಂದರೆ ಕಾರಣವಾದ ಬೇರಿಂಗನ್ನು ಬದಲಿಸಿ ವರ್ಷವಾಗಿರುತ್ತಿತ್ತು.

2020ರ ಮಾರ್ಚ್ 25ರಿಂದ ದೇಶದಾದ್ಯಂತ ಲಾಕ್‌ಡೌನ್ ಆದಾಗ ಇದೇ ಪ್ರಶ್ನೆ ಸಾವಿರಾರು ಕಾರ್ಖಾನೆಗಳ ಮುಂದೆ ದೊಡ್ಡದಾಗಿ ನಿಂತಿತು. ಬಾಗಿಲು ಮುಚ್ಚಿದ್ದರೂ ಬಾಡಿಗೆ, ಸವಕಳಿ, ಕಾಯಂ ನೌಕರರ ಸಂಬಳ ನಡೆಯುತ್ತಲೇ ಇತ್ತು. ಬಾಗಿಲು ತೆರೆದ ಮೇಲೆ ತಯಾರಾದ ಮಾಲಿನ ಮೇಲೆ ಆ ವಾರಗಳ ಖರ್ಚು ಹೊರಿಸುವಂತಿರಲಿಲ್ಲ. ಆ ವರ್ಷ ಓಡಿದ ಗಂಟೆಗಳನ್ನೇ ಸಾಮಾನ್ಯ ಸಾಮರ್ಥ್ಯವೆಂದು ಕರೆಯುವುದೂ ಸರಿಯಾಗುತ್ತಿರಲಿಲ್ಲ. ಸಾಮಾನ್ಯ ಎಂದರೆ ಸಾಧಾರಣ ಪರಿಸ್ಥಿತಿಯಲ್ಲಿ, ಕೆಲವು ವರ್ಷಗಳ ಸರಾಸರಿಯಲ್ಲಿ ಸಾಧ್ಯವಾಗುವುದು ಎಂದು ಅರ್ಥ.

ನೂರು ವರ್ಷ ಹಳೆಯ ವಾದ

ಈ ಜಗಳ ಹೊಸದಲ್ಲ. 1901ರಲ್ಲಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಚರ್ಚ್ ಎಂಬ ಇಂಗ್ಲಿಷ್ ಎಂಜಿನಿಯರ್ ಒಂದು ಲೇಖನಮಾಲೆ ಬರೆದರು. ಕಾರ್ಖಾನೆಯ ಪ್ರತಿ ಯಂತ್ರವನ್ನೂ ತನ್ನದೇ ಬಾಡಿಗೆ ಇರುವ ಒಂದು ಪುಟ್ಟ ಅಂಗಡಿಯೆಂದು ಭಾವಿಸಿ, ಗಂಟೆಯ ದರದಲ್ಲಿ ಖರ್ಚು ಹಂಚಬೇಕೆಂದು ಅವರು ಹೇಳಿದರು. ಯಂತ್ರಗಳು ಖಾಲಿ ನಿಂತದ್ದರಿಂದ ಹಂಚದೆ ಉಳಿದದ್ದನ್ನು ಒಂದು ಪೂರಕ ದರದಿಂದ ಆದ ಕೆಲಸಗಳ ಮೇಲೆಯೇ ಹಾಕುವ ದಾರಿ ತೋರಿಸಿದವರೂ ಅವರೇ.

1915ರಲ್ಲಿ ಅಮೆರಿಕದ ಹೆನ್ರಿ ಗ್ಯಾಂಟ್ ಇದಕ್ಕೆ ಎದುರಾದ ವಾದ ಮಂಡಿಸಿದರು. ಕೆಲಸದ ವೇಳಾಪಟ್ಟಿಗೆ ಇಂದಿಗೂ ಬಳಸುವ ಗ್ಯಾಂಟ್ ಚಾರ್ಟಿಗೆ ಹೆಸರು ಕೊಟ್ಟವರು ಇವರೇ. ಒಂದು ವಸ್ತುವನ್ನು ತಯಾರಿಸಲು ನಿಜಕ್ಕೂ ಬೇಕಾದ ಖರ್ಚು ಮಾತ್ರ ಆ ವಸ್ತುವಿನದು, ಖಾಲಿ ಯಂತ್ರದ ಖರ್ಚು ಅದರದ್ದಲ್ಲ, ಅದು ವ್ಯವಹಾರದ ನಷ್ಟ ಎಂಬುದು ಅವರ ನಿಲುವು. ಇಂದಿನ ದಾಸ್ತಾನಿನ ನಿಯಮ ಗ್ಯಾಂಟ್ ಹೇಳಿದ ಕಡೆಗೇ ವಾಲಿದೆ. ನನ್ನ ಅನುಭವದಲ್ಲೂ ಅದೇ ಸರಿಯಾದ ದಾರಿ. ಅದಕ್ಕೆ ಕಾರಣ ನಿಯಮ ಮಾತ್ರವಲ್ಲ, ಕೊಟೇಶನ್ ಕೂಡ.

ದರದ ಸುಳಿ

ಮಾಲೀಕರು ಮುಂದಿನ ವರ್ಷದ ದರವನ್ನು 580 ಮಾಡಬೇಕೆಂದಿದ್ದರು. 60 ಲಕ್ಷ 90 ಸಾವಿರವನ್ನು 10,500 ಗಂಟೆಗೆ ಭಾಗಿಸಿದರೆ ಸರಿಯಾಗಿ ಅಷ್ಟೇ ಬರುತ್ತದೆ. ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಅದರೊಳಗೆ ಖಾಲಿ ಗಂಟೆಗಳ ಖರ್ಚೂ ಸೇರಿದೆ. 580ರಲ್ಲಿ ಕೊಟೇಶನ್ ಕೊಟ್ಟರೆ ಪಕ್ಕದ ಶೆಡ್ಡು ಆರ್ಡರ್ ತೆಗೆದುಕೊಳ್ಳುತ್ತದೆ. ಗಂಟೆ 9,000ಕ್ಕೆ ಇಳಿಯಿತು ಎಂದುಕೊಳ್ಳಿ. ಅದೇ ರೀತಿಯಲ್ಲಿ ಲೆಕ್ಕ ಹಾಕಿದರೆ ದರ ಸುಮಾರು 660 ಆಗುತ್ತದೆ. ದರ ಏರಿದಷ್ಟೂ ಆರ್ಡರ್ ಕಡಿಮೆ, ಆರ್ಡರ್ ಕಡಿಮೆಯಾದಷ್ಟೂ ದರ ಹೆಚ್ಚು. ಈ ಸುಳಿಗೆ ಸಿಕ್ಕ ಶೆಡ್ಡುಗಳು ತಮ್ಮ ಲೆಕ್ಕವನ್ನು ನಂಬಿಕೊಂಡೇ ಮುಳುಗುತ್ತವೆ.

ನಾವು ಸಾಮಾನ್ಯ ಸಾಮರ್ಥ್ಯವನ್ನು 12,000 ಗಂಟೆಯಲ್ಲೇ ಉಳಿಸಿ, ಹೊಸ ಬಾಡಿಗೆ ಮತ್ತು ಹೊಸ ಕರೆಂಟು ದರವನ್ನು ಮಾತ್ರ ಸೇರಿಸಿದೆವು. ಸ್ಥಿರ ಖರ್ಚು 49 ಲಕ್ಷ 80 ಸಾವಿರ ಎಂದರೆ ಗಂಟೆಗೆ 415. ಓಡಾಟದ ಖರ್ಚು 110. ಹೊಸ ದರ 525. ದೊಡ್ಡ ಗಿರಾಕಿ ಕೈಬಿಟ್ಟದ್ದು ಶಾಶ್ವತವೆಂದು ಖಚಿತವಾಗಿದ್ದರೆ 12,000ವನ್ನೇ ಮತ್ತೆ ಯೋಚಿಸಬೇಕಿತ್ತು, ಒಂದು ಯಂತ್ರ ಮಾರುವ ಮಾತೂ ಬರುತ್ತಿತ್ತು. ಆದರೆ ಹೊಸ ಗಿರಾಕಿಗಳು ವಿಚಾರಿಸುತ್ತಿದ್ದರು.

ಹೆಚ್ಚಾಗಿ ಹೀರಿದ ವರ್ಷ

ಮರುವರ್ಷ ಕೆಲಸ ಬಂತು. ಕೆಲವು ತಿಂಗಳು ಎರಡು ಯಂತ್ರಗಳನ್ನು ಎರಡನೇ ಪಾಳಿಯಲ್ಲೂ ಓಡಿಸಿದರು. ವರ್ಷದ ಗಂಟೆ 13,200. ಗಂಟೆಗೆ 525ರಂತೆ ಪೀಸುಗಳು ಹೀರಿದ್ದು 69 ಲಕ್ಷ 30 ಸಾವಿರ. ನಿಜವಾದ ಖರ್ಚು ಸ್ಥಿರ 49 ಲಕ್ಷ 80 ಸಾವಿರ, ಓಡಾಟದ್ದು 14 ಲಕ್ಷ 52 ಸಾವಿರ, ಒಟ್ಟು 64 ಲಕ್ಷ 32 ಸಾವಿರ. ಈ ಸಲ ಖಾತೆಯಲ್ಲಿ 4 ಲಕ್ಷ 98 ಸಾವಿರ ಜಮೆ ಉಳಿಯಿತು. ಪೀಸುಗಳ ಮೇಲೆ ಖರ್ಚಿಗಿಂತ ಹೆಚ್ಚು ಹಾಕಿಬಿಟ್ಟಿದ್ದೆವು. ಇದು ಹೆಚ್ಚು ಹೀರಿಕೆ. ಹೆಚ್ಚಾಗಿ ಓಡಿದ 1,200 ಗಂಟೆಗಳನ್ನು 415ರಿಂದ ಗುಣಿಸಿದರೆ ಈ ಮೊತ್ತವೇ ಬರುತ್ತದೆ.

“ಇದು ಲಾಭ ಅಲ್ವಾ ಸಾರ್?” ಎಂದರು ಮಾಲೀಕರು. ಒಂದು ಭಾಗ ಮಾತ್ರ ಹೌದು. ಆ ವರ್ಷ ತಯಾರಾದದ್ದರಲ್ಲಿ 80 ಭಾಗ ಮಾರಾಟವಾಗಿತ್ತು, 20 ಭಾಗ ದಾಸ್ತಾನಿನಲ್ಲಿತ್ತು. ದಾಸ್ತಾನಿನ ಪ್ರತಿ ಪೀಸಿನ ಬೆಲೆಯಲ್ಲೂ ಯಾರಿಗೂ ಕೊಡದ ಖರ್ಚು ಸೇರಿಕೊಂಡಿತ್ತು. ಮಾಲಿಗೆ ನಿಜವಾಗಿ ಆದ ವೆಚ್ಚಕ್ಕಿಂತ ಹೆಚ್ಚು ಬೆಲೆ ಕಟ್ಟುವಂತಿಲ್ಲ. ಉತ್ಪಾದನೆ ತೀರ ಹೆಚ್ಚಾದ ವರ್ಷದಲ್ಲಿ ಪ್ರತಿ ಪೀಸಿನ ಸ್ಥಿರ ಓವರ್‌ಹೆಡ್ ಪಾಲನ್ನು ಇಳಿಸಬೇಕು ಎಂದು ಮಾನದಂಡ 2 ಹೇಳುವುದು ಇದಕ್ಕೇ. ಆದ್ದರಿಂದ ಇಲ್ಲಿ ಪೂರಕ ದರವನ್ನು ತಿರುಗಿಸಿ, ಕಳೆಯುವ ದರವಾಗಿ ಹಾಕಿದೆವು. ಗಂಟೆಗೆ ಸುಮಾರು 38 ರೂಪಾಯಿ. ಮಾರಿದ ಮಾಲಿನ ವೆಚ್ಚದಿಂದ 3,98,400 ಕಳೆದೆವು, ಅದು ಲಾಭಕ್ಕೆ ಸೇರಿತು. ದಾಸ್ತಾನಿನ ಬೆಲೆಯಿಂದ 99,600 ಕಳೆದೆವು.

ಗಮನಿಸಬೇಕಾದ ವ್ಯತ್ಯಾಸ ಇಲ್ಲಿದೆ. ಕಡಿಮೆ ಹೀರಿದ ವರ್ಷ ಖಾಲಿ ಯಂತ್ರದ ಖರ್ಚನ್ನು ದಾಸ್ತಾನಿಗೆ ಹಾಕಲಿಲ್ಲ. ಹೆಚ್ಚು ಹೀರಿದ ವರ್ಷ ದಾಸ್ತಾನಿನಿಂದ ತಪ್ಪದೆ ಕಳೆದೆವು. ಎರಡು ಸಲವೂ ದಾಸ್ತಾನಿನ ಬೆಲೆ ಉಬ್ಬದಂತೆ ನೋಡಿಕೊಂಡೆವು.

ಹೆಚ್ಚು ಹೀರಿಕೆಯಲ್ಲಿ ಇನ್ನೊಂದು ಅಪಾಯವನ್ನು ಕಣ್ಣಾರೆ ಕಂಡಿದ್ದೇನೆ. ಮಾರ್ಚಿನಲ್ಲಿ ಆರ್ಡರ್ ಇಲ್ಲದಿದ್ದರೂ ಯಂತ್ರ ಓಡಿಸಿ ಗೋದಾಮು ತುಂಬುತ್ತಾರೆ. ಗಂಟೆ ಹೆಚ್ಚಾಗುತ್ತದೆ, ಹೀರಿಕೆ ಹೆಚ್ಚಾಗುತ್ತದೆ, ಬಾಡಿಗೆ ಸಂಬಳವೆಲ್ಲ ದಾಸ್ತಾನಿನೊಳಗೆ ಹೋಗಿ ಲಾಭ ಚೆನ್ನಾಗಿ ಕಾಣುತ್ತದೆ. ಇದನ್ನು ಪತ್ತೆಹಚ್ಚುವುದು ಕಷ್ಟವಲ್ಲ. ಯಂತ್ರದ ಗಂಟೆ ಏರಿದೆಯೇ, ಮಾರಾಟ ಅಷ್ಟೇ ಇದೆಯೇ, ಸಿದ್ಧ ಮಾಲು ಹಿಂದಿನ ವರ್ಷಕ್ಕಿಂತ ಹೆಚ್ಚಾಗಿದೆಯೇ ಎಂದು ಮೂರು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು.

ಈಗ ಆ ಶೆಡ್ಡಿನಲ್ಲಿ ಮಾರ್ಚಿಗೆ ಕಾಯುವುದಿಲ್ಲ. ಪ್ರತಿ ತಿಂಗಳ ಕೊನೆಯ ಶನಿವಾರ ಸೂಪರ್‌ವೈಸರ್ ಆರೂ ಯಂತ್ರಗಳ ಮೀಟರ್ ಓದಿ ಬರೆಯುತ್ತಾರೆ, ಟ್ರೇಗಳಲ್ಲಿರುವ ಕಾರ್ಡುಗಳನ್ನೂ ಸೇರಿಸಿ ತಾಳೆ ನೋಡುತ್ತಾರೆ. ಯಂತ್ರ ನಿಂತರೆ ಎಷ್ಟು ಗಂಟೆ, ಏಕೆ ಎಂದು ಲಾಗ್ ಪುಸ್ತಕದಲ್ಲಿ ಒಂದು ಸಾಲು. ಆ ಸಾಲಿನ ಮುಂದೆ ಮಾಲೀಕರೇ ತಮ್ಮ ಕೈಯಿಂದ ಗಂಟೆಗೆ 415ರಂತೆ ಗುಣಿಸಿ ರೂಪಾಯಿ ಬರೆಯುತ್ತಾರೆ. ಕಳೆದ ಸಲ ಹೋದಾಗ ಕಪಾಟಿನಲ್ಲಿ ಹೊಸದೊಂದು ಪೆಟ್ಟಿಗೆ ಕಂಡಿತು. ಒಳಗೆ ಸ್ಪಿಂಡಲ್ ಬೇರಿಂಗ್ ಇತ್ತು. “ಇನ್ನೊಂದ್ಸಲ ಯಂತ್ರ ನಿಂತ್ಕೊಂಡು ಕಾಯೋದು ಬೇಡ ಅಂತ ತಂದಿಟ್ಟಿದ್ದೀನಿ ಸಾರ್” ಎಂದರು.